ನಿಮ್ಮಮ್ಮನ ಮಾತ್ರೆಯ ಬಗ್ಗೆ ಮಾವನ ಪತ್ರ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಇಸಿಜಿ, ಎಕೋ, ರಕ್ತದ ರಿಪೋರ್ಟ್ ಎಲ್ಲವನ್ನೂ ಎರಡೆರಡು ಸಲ ನೋಡಿದೆ. ಕಣ್ಣಿನ ಪೊರೆ ತೆಗೆಸೋಕೆ ಅಂತ ಹೋದವಳಿಗೆ ಹೃದಯದ ತೊಂದರೆ ಇದೆ ಅಂದರೆ ಯಾರಿಗಾದರೂ ಗಾಬರಿಯಾಗುತ್ತೆ. ನಿನ್ನೆ ರಾತ್ರಿ ನಿಮ್ಮಮ್ಮನೂ ಫೋನ್ ಮಾಡಿದ್ದಳು. "ಅಣ್ಣಾ, ನನಗೆ ಎದೆನೋವಿಲ್ಲ, ಉಬ್ಬಸ ಇಲ್ಲ. ಜೀವನಪೂರ್ತಿ ಮಾತ್ರೆ ಯಾಕೆ ನುಂಗಬೇಕು?" ಅಂದಳು. ಆ ಪ್ರಶ್ನೆಗೆ ಫೋನಿನಲ್ಲಿ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ನೀನು ಓದಿ, ಅವಳಿಗೂ ಅಣ್ಣ-ತಮ್ಮಂದಿರಿಗೂ ಓದಿ ಹೇಳು.

ಮೊದಲು ಅವಳ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕಡೆ, ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡು. ಆಮೇಲೆ ನಿನ್ನದನ್ನೂ ನೋಡಿಕೊ. ನಿನ್ನದು ತಾಳ ಹಾಕಿದ ಹಾಗೆ ಬರುತ್ತೆ. ಅವಳದು ಮಳೆ ನಿಂತ ಮೇಲೆ ತಗಡಿನ ಮೇಲೆ ಮರದಿಂದ ಬೀಳೋ ಹನಿಯ ಹಾಗೆ. ಎರಡು ಬೇಗ, ಒಂದು ತಡ, ಒಂದು ಜೋರು, ಒಂದು ಮೆಲ್ಲಗೆ. ಇದೇ ಏಟ್ರಿಯಲ್ ಫಿಬ್ರಿಲೇಶನ್, ಚಿಕ್ಕದಾಗಿ ಎಎಫ್. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡಿ ರಕ್ತ ನೂಕುವ ಬದಲು ಬರೀ ಅದುರುತ್ತಿವೆ. ಕೆಳಗಿನ ಕೋಣೆಗಳು ಕೆಲಸ ಮಾಡುತ್ತಿರೋದರಿಂದ ಅವಳಿಗೆ ಏನೂ ಗೊತ್ತಾಗುತ್ತಿಲ್ಲ. ತುಂಬಾ ಜನರಿಗೆ ಹೀಗೇ ಆಗುತ್ತದೆ.

ಅಪಾಯ ಇರೋದು ಆ ಅದುರಾಟದಲ್ಲಲ್ಲ, ನಿಂತ ರಕ್ತದಲ್ಲಿ. ಎಡಗಡೆಯ ಮೇಲಿನ ಕೋಣೆಗೆ ಕಿವಿಯ ಆಕಾರದ ಒಂದು ಸಣ್ಣ ಚೀಲ ಅಂಟಿಕೊಂಡಿದೆ. ಕಾಯಿಸಿದ ಹಾಲನ್ನು ಸೌಟಿನಲ್ಲಿ ಆಡಿಸುತ್ತಿದ್ದರೆ ಕೆನೆ ಕಟ್ಟಲ್ಲ, ಸುಮ್ನೆ ಬಿಟ್ಟರೆ ಕಟ್ಟುತ್ತೆ ಅಲ್ವಾ? ಹಾಗೆಯೇ ಕೋಣೆ ಹಿಂಡುವುದನ್ನು ಬಿಟ್ಟಾಗ ಆ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಒಂದು ದಿನ ಕಳಚಿಕೊಂಡರೆ ನೇರವಾಗಿ ಮೆದುಳಿನ ರಕ್ತನಾಳಕ್ಕೆ ಹೋಗಿ ಕೂರಬಹುದು. ಅದೇ ಲಕ್ವ, ಸ್ಟ್ರೋಕ್. ಎಎಫ್ ಇರುವವರಿಗೆ ಇದರ ಅಪಾಯ ಸುಮಾರು ಐದು ಪಟ್ಟು ಜಾಸ್ತಿ. ಹೀಗೆ ಬರುವ ಸ್ಟ್ರೋಕ್ ದೊಡ್ಡದೂ ಆಗಿರುತ್ತದೆ, ಯಾಕೆಂದರೆ ಹೆಪ್ಪು ದೊಡ್ಡದು.

ಎಲ್ಲರಿಗೂ ಒಂದೇ ಅಪಾಯ ಇರೋದಿಲ್ಲ. ಅದಕ್ಕೆ ವೈದ್ಯರು ಅಂಕ ಹಾಕುತ್ತಾರೆ. ನಿಮ್ಮಮ್ಮನದು ನಾನೇ ಹಾಕಿದೆ. ವಯಸ್ಸು 71, ಅದಕ್ಕೆ 1 (75 ತುಂಬಿದ್ದರೆ 2 ಆಗುತ್ತಿತ್ತು). ಬಿಪಿಗೆ 1. ಸಕ್ಕರೆ ಕಾಯಿಲೆಗೆ 1. ಹೆಂಗಸು ಅನ್ನೋದಕ್ಕೆ 1. ಒಟ್ಟು 4. ಯುರೋಪಿನ ಹೃದ್ರೋಗ ತಜ್ಞರು 2024ರಿಂದ ಆ ಕೊನೆಯ ಅಂಕವನ್ನು ಬಿಟ್ಟಿದ್ದಾರೆ. ಅವರ ಲೆಕ್ಕದಲ್ಲೂ 3 ಬರುತ್ತದೆ, ಮಾತ್ರೆ ಬೇಕೇ ಬೇಕು. ಇಷ್ಟು ಅಂಕ ಇರುವ ನೂರು ಜನ ಮಾತ್ರೆ ಇಲ್ಲದೆ ಇದ್ದರೆ ವರ್ಷಕ್ಕೆ ನಾಲ್ಕೈದು ಜನರಿಗೆ ಸ್ಟ್ರೋಕ್ ಆಗುತ್ತದೆ. ಮಾತ್ರೆ ತೆಗೆದುಕೊಂಡರೆ ಅದರಲ್ಲಿ ಮೂರನೇ ಎರಡು ಪಾಲು ತಪ್ಪುತ್ತದೆ. ನಿಮ್ಮಮ್ಮನ ಪ್ರಶ್ನೆಗೆ ನನ್ನ ಉತ್ತರ ಇದು: ಮಾತ್ರೆ ಈಗಿರುವ ನೋವಿಗಲ್ಲ, ಆ ನಾಲ್ಕೈದು ಜನರಲ್ಲಿ ಅವಳು ಒಬ್ಬಳಾಗಬಾರದು ಅಂತ.

ನಿಮ್ಮಪ್ಪ ಸ್ಟೆಂಟ್ ಹಾಕಿಸಿಕೊಂಡ ಮೇಲೆ ತೆಗೆದುಕೊಳ್ಳುತ್ತಿರುವ ಆಸ್ಪಿರಿನ್ನೇ ಸಾಲದೇ ಅಂತ ಕೇಳಿದ್ದೀಯ. ಸಾಲದು. ಎಎಫ್‌ನ ಹೆಪ್ಪಿಗೆ ಆಸ್ಪಿರಿನ್ ಹೆಚ್ಚು ಉಪಯೋಗಕ್ಕೆ ಬರೋದಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ಇದ್ದೇ ಇರುತ್ತದೆ.

ಅವಳಿಗೆ ಬರೆದುಕೊಟ್ಟಿರೋದು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಪಿಕ್ಸಬಾನ್ 5 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಎಕೋದಲ್ಲಿ ಮೈಟ್ರಲ್ ಕವಾಟ ಚೆನ್ನಾಗಿದೆ, ಆದ್ದರಿಂದ ಇದು ಸರಿಯಾದ ಆಯ್ಕೆ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಆ ಕವಾಟ ತುಂಬಾ ಕಿರಿದಾಗಿದ್ದರೆ ಹಳೆಯ ವಾರ್ಫರಿನ್ನೇ ಬೇಕಾಗುತ್ತಿತ್ತು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಐಎನ್‌ಆರ್ ಪರೀಕ್ಷೆಯೂ ಆಗಾಗ ಮಾಡಿಸಬೇಕಿತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಯಾರಾದರೂ "ಅಮ್ಮ ಸಣ್ಣ ಜೀವ, ವಯಸ್ಸಾಗಿದೆ, ಎರಡೂವರೆ ಮಿಲಿಗ್ರಾಂ ಸಾಕು" ಅಂದರೆ ಒಪ್ಪಬೇಡ. ಪ್ರಮಾಣ ಇಳಿಸೋಕೆ ಮೂರು ಕಾರಣ ನೋಡುತ್ತಾರೆ: ವಯಸ್ಸು 80 ಅಥವಾ ಜಾಸ್ತಿ, ತೂಕ 60 ಕಿಲೋ ಅಥವಾ ಕಡಿಮೆ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ 1.5 ಅಥವಾ ಜಾಸ್ತಿ. ಇವುಗಳಲ್ಲಿ ಎರಡಾದರೂ ಇರಬೇಕು. ನಿಮ್ಮಮ್ಮನಿಗೆ 71, 54 ಕಿಲೋ, ಕ್ರಿಯಾಟಿನಿನ್ 0.9. ಅಂದರೆ ತೂಕ ಒಂದೇ. ಅವಳಿಗೆ 5 ಮಿಲಿಗ್ರಾಂ ಸರಿ. ನಮ್ಮ ಕಡೆಯ ತೆಳ್ಳಗಿನ ಹೆಂಗಸರಿಗೆ ಭಯದಿಂದ ಅರ್ಧ ಮಾತ್ರೆ ಕೊಟ್ಟು, ರಕ್ಷಣೆಯೂ ಅರ್ಧವಾಗಿದ್ದನ್ನು ನಾನು ನೋಡಿದ್ದೇನೆ. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಮತ್ತು ಹಿಮೋಗ್ಲೋಬಿನ್ ನೋಡಿಸಿ. ಅಂಕಿ ಬದಲಾದರೆ ಅವಳ ವೈದ್ಯರು ಪ್ರಮಾಣ ಬದಲಿಸುತ್ತಾರೆ.

ಈ ಔಷಧಿಯ ಅರ್ಧ ಪಾಲು ಸುಮಾರು 12 ಗಂಟೆಯಲ್ಲಿ ಮೈಯಿಂದ ಇಳಿದುಹೋಗುತ್ತದೆ. ಅದಕ್ಕೇ ದಿನಕ್ಕೆ ಎರಡು. ಒಂದು ದಿನ ಪೂರ್ತಿ ಬಿಟ್ಟರೆ ರಕ್ಷಣೆ ಹೆಚ್ಚುಕಡಿಮೆ ಮುಗಿದ ಹಾಗೆಯೇ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ಹಲ್ಲು ಕೀಳಿಸೋಕೆ ಮುಂಚೆ ಯಾರೋ ಹೇಳಿದರು ಅಂತ ಮಾತ್ರೆ ನಿಲ್ಲಿಸಿದರು. ಹಲ್ಲು ಕಿತ್ತರು, ಗಾಯ ಮಾಯಿತು, ಮಾತ್ರೆ ಮತ್ತೆ ಶುರು ಮಾಡೋದು ಮರೆತೇ ಹೋಯಿತು. ಹತ್ತನೇ ದಿನ ಬೆಳಿಗ್ಗೆ ಅವರ ಹೆಂಡತಿ ಕಾಫಿ ಕೊಟ್ಟಾಗ ಬಲಗೈಯಲ್ಲಿ ಲೋಟ ನಿಲ್ಲಲಿಲ್ಲ. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯನಿಗೆ ಆಮೇಲೆ ಮಾತು ಪೂರ್ತಿ ಬರಲೇ ಇಲ್ಲ. ನಾನು ಮೊದಲೇ "ಯಾರು ಏನೇ ಹೇಳಲಿ, ನನ್ನನ್ನು ಕೇಳದೆ ನಿಲ್ಲಿಸಬೇಡಿ" ಅಂತ ಅವರ ಮನೆಯವರಿಗೂ ಹೇಳಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ. ಅದಕ್ಕೇ ಇವತ್ತು ನಿನಗೆ ಹೇಳುತ್ತಿದ್ದೇನೆ.

ಪೊರೆ ಆಪರೇಷನ್‌ಗೆ ಸಾಮಾನ್ಯವಾಗಿ ಇದನ್ನು ನಿಲ್ಲಿಸಬೇಕಾಗಿಲ್ಲ. ಆದರೂ ಕಣ್ಣಿನ ವೈದ್ಯರೂ ಹೃದಯದ ವೈದ್ಯರೂ ಮಾತಾಡಿಕೊಳ್ಳಲಿ. ನಿಲ್ಲಿಸಿ ಅಂದರೆ, ಮತ್ತೆ ಯಾವ ದಿನ, ಯಾವ ಹೊತ್ತಿಗೆ ಶುರು ಮಾಡಬೇಕು ಅಂತ ಚೀಟಿಯಲ್ಲಿ ಬರೆಸಿಕೊಂಡೇ ಎದ್ದು ಬಾ. ಮುಂದೊಂದು ಇಸಿಜಿಯಲ್ಲಿ ನಾಡಿ ಸರಿಯಾಗಿದೆ ಅಂತ ಬಂದರೂ ಮಾತ್ರೆ ಬಿಡಬಾರದು. ಎಎಫ್ ಹೋಗಿ ಬಂದು ಮಾಡುತ್ತದೆ. ಹೊತ್ತು ಮರೆತರೆ ನೆನಪಾದ ತಕ್ಷಣ ಒಂದು ಕೊಡು, ಒಟ್ಟಿಗೆ ಎರಡು ಬೇಡ. ಖಾಲಿಯಾಗೋಕೆ ಒಂದು ವಾರ ಮುಂಚೆಯೇ ತಂದಿಡು.

ಮಂಡಿನೋವಿಗೆ ಅವಳು ಅಂಗಡಿಯಿಂದ ಡೈಕ್ಲೋಫೆನಾಕ್ ತರಿಸಿಕೊಳ್ಳುತ್ತಾಳೆ, ನನಗೆ ಗೊತ್ತು. ಇನ್ನು ಅದು ಬೇಡ, ಇದರ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಪ್ಯಾರಾಸಿಟಮಾಲ್ ಆಗುತ್ತದೆ. ಹಲ್ಲುಜ್ಜುವಾಗ ಒಸಡಿನಲ್ಲಿ ಒಂದಿಷ್ಟು ರಕ್ತ ಬಂದರೆ, ಚರ್ಮದ ಮೇಲೆ ಕಂದು ಕಲೆ ಕಂಡರೆ ಹೆದರಬೇಡಿ. ಮಲ ಡಾಂಬರಿನ ಹಾಗೆ ಕಪ್ಪಾದರೆ, ಅಥವಾ ಬಿದ್ದು ತಲೆಗೆ ಪೆಟ್ಟಾದರೆ, ಅವಳು ಎಷ್ಟೇ ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಇಷ್ಟೆಲ್ಲ ಮಾಡಿಯೂ ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತೋಕಾಗದಿದ್ದರೆ, ಮಾತು ತೊದಲಿದರೆ, ಮಲಗಿಸಿ ಸರಿಹೋಗುತ್ತಾ ಅಂತ ಕಾಯಬೇಡ. ಬಾಯಿಗೆ ನೀರೂ ಬೇಡ, ಮಾತ್ರೆಯೂ ಬೇಡ. 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಅಲ್ಲಿ ಎರಡು ಸಮಯ ಹೇಳು: ಅವಳು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ, ಕೊನೆಯ ಅಪಿಕ್ಸಬಾನ್ ನುಂಗಿದ್ದು ಎಷ್ಟು ಹೊತ್ತಿಗೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಕೊಡಬಹುದಾ ಅನ್ನೋದು ಈ ಎರಡು ಸಮಯದ ಮೇಲೂ ನಿಂತಿದೆ.

ಬೆಳಿಗ್ಗೆ ಎಂಟಕ್ಕೆ ಕಾಫಿ ಜೊತೆ, ರಾತ್ರಿ ಎಂಟಕ್ಕೆ ಊಟದ ಜೊತೆ ಅಂತ ರೂಢಿ ಮಾಡಿಸು. ಭಾನುವಾರ ಬರುತ್ತೇನೆ, ವಾರದ ಮಾತ್ರೆ ಡಬ್ಬಿ ತರುತ್ತೇನೆ. ಅವಳ ಪಕ್ಕ ಕೂತು ನಾನೇ ತುಂಬಿಸಿಕೊಡುತ್ತೇನೆ.

ಇಂತಿ ನಿನ್ನ ಮಾವ