ಸೋಲಾರ್ ಫ್ರೇಮ್: ಆರ್ಡರ್‌ಗೆ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಫ್ರೇಮ್ ಆರ್ಡರ್ ಕೊಡುತ್ತಿದ್ದೇವೆ, ಪ್ಯಾನೆಲ್ ಹಾಕಿಸುವವರೆಲ್ಲ ದಯವಿಟ್ಟು ಗಮನಿಸಿ. ಫ್ರೇಮ್‌ಗೆ ಅಲ್ಯೂಮಿನಿಯಂ ಅಥವಾ ಜಿಐ, ಅಂದರೆ ಸತು ಲೇಪಿಸಿದ ಉಕ್ಕು, ಎರಡರಲ್ಲಿ ಒಂದನ್ನು ಆರಿಸಬೇಕು.

ಅಲ್ಯೂಮಿನಿಯಂ ಮಳೆಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದೇ ಅಳತೆಯ ಉಕ್ಕಿಗಿಂತ ಗಾಳಿಗೆ ಸುಮಾರು 3 ಪಟ್ಟು ಹೆಚ್ಚು ಬಾಗುತ್ತದೆ. ಹಾಗಾಗಿ ಎತ್ತರದ ಸ್ಟ್ಯಾಂಡಿಗೆ ಜಿಐ, ಛಾವಣಿಗೆ ಹತ್ತಿರ ಕೂರುವ ರೈಲಿಗೆ ಅಲ್ಯೂಮಿನಿಯಂ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಜಿಐ ಆರಿಸುವವರು ಕತ್ತರಿಸಿ, ವೆಲ್ಡ್ ಮಾಡಿ, ತೂತು ಕೊರೆದ ಮೇಲೆಯೇ ಹಾಟ್ ಡಿಪ್ ಮಾಡಿಸಿ, ಅಂದರೆ ಕರಗಿದ ಸತುವಿನಲ್ಲಿ ಅದ್ದಿಸಿ. ಛಾವಣಿ ಮೇಲೆ ಕೊರೆದರೆ ಅಲ್ಲಿ ಸತುವಿನ ಪದರ ಹೋಗುತ್ತದೆ. ಆಮೇಲೆ ಮಳೆಯಲ್ಲಿ ತೂತಿನ ಅಂಚಿನಿಂದ ಕಂದು ಗೆರೆ ಇಳಿದಿದ್ದರೆ ತುಕ್ಕು ಶುರುವಾಗಿದೆ ಎಂದೇ ತಿಳಿಯಿರಿ. ಕೊರೆಯಲೇಬೇಕಾದರೆ ಆಗಲೇ ಜಿಂಕ್ ರಿಚ್ ಪೇಂಟ್ ಬಳಿಸಿ. ಬೋಲ್ಟ್ ಎರಡಕ್ಕೂ ಸ್ಟೇನ್‌ಲೆಸ್ ಇರಲಿ.

ಯಾವುದು ಬೇಕು, ಸ್ಟ್ಯಾಂಡ್ ಎತ್ತರ ಎಷ್ಟು ಎಂದು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.