ಆಗಸ್ಟ್‌ಗೆ ಬೇಡ, ಹುತ್ತರಿ ಹೊತ್ತಿಗೆ ಬಾ

ಪುಟ್ಟೀ,

ಭಾನುವಾರ ಫೋನಿನಲ್ಲಿ ನಾನು ಹಾಗೆ ಕೂಗಾಡಬಾರದಿತ್ತು. ಮಡಿಕೇರಿಯಲ್ಲೇ ಮನೆಯಿದ್ದೂ ಮಗಳು ದುಡ್ಡು ಕೊಟ್ಟು ಹೋಂಸ್ಟೇಯಲ್ಲಿ ಮೂರು ವಾರ ಇರುತ್ತಾಳೆ ಅಂದಾಗ ನನಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀನು ಹೇಳಿದ್ದೂ ನಿಜವೇ. ಹೋದ ವರ್ಷ ಹತ್ತು ದಿನ ಬಂದಿದ್ದಾಗ ನಿನ್ನ ಮೀಟಿಂಗ್ ನಡುವೆ ಅಣ್ಣನ ಮಕ್ಕಳು ಬಾಗಿಲು ಬಡಿದವು, ನಾನು ಅರ್ಧ ಗಂಟೆಗೊಮ್ಮೆ ಕಾಫಿ ತಂದೆ. ಮನೆಯಲ್ಲಿ ಕೆಲಸ ಆಗುವುದಿಲ್ಲ. ಅದನ್ನು ಒಪ್ಪಿಕೊಂಡೆ. ಹೋಂಸ್ಟೇಯಲ್ಲೇ ಇರು.

ಜಗಳ ಅದಕ್ಕಲ್ಲ. ನೀನು ಆರಿಸಿದ ತಿಂಗಳು ಆಗಸ್ಟ್, ಆರಿಸಿದ ಜಾಗ ಮಕ್ಕಂದೂರು ಕಡೆ. ನೀನು ಕಳಿಸಿದ ಫೋಟೋದಲ್ಲಿ ಮನೆ ಮುಂದೆ ಹೂವಿನ ಕುಂಡಗಳಿವೆ. ನಾನು ನೋಡಿದ್ದು ಹಿಂದಿನ ಬರೆಯನ್ನು. ಅಂಗಳಕ್ಕೆ ಜಾಗ ಮಾಡಲು ಗುಡ್ಡವನ್ನು ನೇರವಾಗಿ ಕಡಿದಿದ್ದಾರೆ. ಒಂದು ಹುಲ್ಲು ಕಡ್ಡಿಯೂ ಇಲ್ಲದ ಹಸಿ ಕೆಂಪು ಮಣ್ಣು, ಎರಡಾಳು ಎತ್ತರ, ಅದರ ಬುಡದಲ್ಲೇ ನಿನ್ನ ಕೋಣೆಯ ಕಿಟಕಿ.

2018ರ ಆಗಸ್ಟ್ ಮಧ್ಯದಲ್ಲಿ ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸದಲ್ಲಿದ್ದೆ, ನೀನು ಬೆಂಗಳೂರಿನ ಹಾಸ್ಟೆಲ್‌ನಲ್ಲಿ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದ ಆ ದಿನಗಳಲ್ಲಿ ಜನ ನಮ್ಮ ಕಚೇರಿಗೆ ನೆನೆದುಕೊಂಡೇ ಬಂದು, ಚೀಟಿಯಲ್ಲಿ ನಂಬರ್ ಬರೆದು ಮೇಜಿನ ಮೇಲಿಟ್ಟು, ಇದೊಂದು ಸಲ ಹಚ್ಚಿ ನೋಡಿ ಅಕ್ಕ ಅನ್ನುತ್ತಿದ್ದರು. ನಾನು ಹಚ್ಚುತ್ತಿದ್ದೆ. ಸ್ವಿಚ್ ಆಫ್. ಇನ್ನೊಂದು. ಸ್ವಿಚ್ ಆಫ್. ಫೋನು ಒದ್ದೆಯಾಗಿರಬಹುದು, ಚಾರ್ಜ್ ಮುಗಿದಿರಬಹುದು ಅನ್ನುತ್ತಿದ್ದೆ. ಒಬ್ಬಾಕೆ ಚೀಟಿ ವಾಪಸ್ ತೆಗೆದುಕೊಳ್ಳಲೇ ಇಲ್ಲ. ಸಂಜೆ ಮತ್ತೆ ನೋಡಿ ಅಂತ ಬಿಟ್ಟು ಹೋದಳು. ಆ ಚೀಟಿಯಲ್ಲಿ ಶಾಯಿ ಹರಡಿ ಕೊನೆಯ ಅಂಕಿ ಮೂರೋ ಎಂಟೋ ತಿಳಿಯುತ್ತಿರಲಿಲ್ಲ. ಎರಡನ್ನೂ ಹಚ್ಚಿದೆ. ಯಾವುದೂ ಸಿಗಲಿಲ್ಲ. ಆಕೆ ಮತ್ತೆ ಬಂದಳೋ ಇಲ್ಲವೋ, ನನ್ನ ಪಾಳಿ ಮುಗಿದಿತ್ತು. ಆ ಹೊತ್ತಿನಲ್ಲೇ ನೀನು ನನಗೆ ಹಚ್ಚುತ್ತಿದ್ದೆಯಂತೆ, ನನ್ನದೂ ಸಿಗುತ್ತಿರಲಿಲ್ಲ. ಮೂರು ಅಂತ ಓದಿದ್ದು ಸರಿಯೋ, ಎಂಟು ಅಂತ ಓದಿದ್ದು ಸರಿಯೋ ಅಂತ ಈಗಲೂ ರಾತ್ರಿ ಎಚ್ಚರವಾದಾಗ ಯೋಚಿಸುತ್ತೇನೆ. ಮರು ವರ್ಷ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಜರಿಯಿತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷ, ಅದೇ ತಿಂಗಳು. ನಿನಗೆ ಹೆದರಿಸುವ ಅಮ್ಮ ಅನಿಸಿದರೂ ಪರವಾಗಿಲ್ಲ.

ನಿನ್ನ ಹತ್ತಿರ ಎರಡು ಸಿಮ್ ಇದೆ, ಅದರ ಮೇಲೆ ವೈಫೈ ಇದೆ ಅಂದೆಯಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ. ಅದು ನನ್ನ ಕೆಲಸವೇ ಆಗಿತ್ತು. ಎರಡು ಕಂಪನಿಯ ಸಿಮ್ ಆದರೂ ಎಷ್ಟೋ ಕಡೆ ಒಂದೇ ಟವರ್‌ನಲ್ಲಿ ಇಬ್ಬರೂ ಆಂಟೆನಾ ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೆಲವು ಗಂಟೆ ಬ್ಯಾಟರಿಯಲ್ಲಿ, ಆಮೇಲೆ ಜನರೇಟರ್‌ನಲ್ಲಿ ನಡೆಯುತ್ತದೆ. ರಸ್ತೆ ಮುಚ್ಚಿ ಡೀಸೆಲ್ ತಲುಪದಿದ್ದರೆ ಎರಡು ಸಿಮ್ಮೂ ಒಟ್ಟಿಗೆ ಸಾಯುತ್ತವೆ. ಇನ್ನು ಫೈಬರ್ ಕೇಬಲ್ ರಸ್ತೆ ಬದಿಯಲ್ಲೇ ಹೋಗುತ್ತದೆ, ರಸ್ತೆ ಜರಿದರೆ ಅದೂ ಜೊತೆಗೆ ತುಂಡಾಗುತ್ತದೆ. ಫೋನಿನಲ್ಲಿ ಸಿಗ್ನಲ್ ಗೀಟುಗಳೇ ಮಾಯವಾದರೆ ಹೆಚ್ಚಾಗಿ ಟವರ್‌ಗೆ ಕರೆಂಟ್ ಇಲ್ಲ ಅಂತ ತಿಳಿ, ಕಾಯಬೇಕು. ಗೀಟು ಪೂರ್ತಿ ಇದ್ದು ನೆಟ್ ಮಾತ್ರ ಬರದಿದ್ದರೆ ಕೇಬಲ್ ಕಡೆ ತೊಂದರೆ ಇರಬಹುದು. ಆಗ ಬೇರೆ ಕಂಪನಿಯ ಸಿಮ್ ಹಾಕಿ ನೋಡು, ಅವರ ಕೇಬಲ್ ಬೇರೆ ದಾರಿಯಲ್ಲಿ ಬಂದಿದ್ದರೆ ನಡೆಯುತ್ತದೆ.

ಹೋಂಸ್ಟೇಯವರನ್ನು ವೈಫೈ ಇದೆಯಾ ಅಂತ ಕೇಳಬೇಡ. ಎಲ್ಲರೂ ಇದೆ ಅನ್ನುತ್ತಾರೆ. ನೀನು ಅವರ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿರುವಾಗಲೇ ಮನೆಯ ಮೇನ್ ಸ್ವಿಚ್ ಆರಿಸಲು ಹೇಳು. ಮೊದಲು ಅವರ ಫೋನಿನ ಸಿಮ್ ಡೇಟಾ ಆಫ್ ಮಾಡಿಸು, ಇಲ್ಲದಿದ್ದರೆ ಕಾಲ್ ಸಿಮ್‌ನಲ್ಲಿ ಮುಂದುವರಿದು ನಿನಗೆ ಗೊತ್ತೇ ಆಗುವುದಿಲ್ಲ. ಹತ್ತು ನಿಮಿಷ ಕಾಲ್ ಕಡಿಯದೆ ನಡೆದರೆ ಸರಿ. ಎಷ್ಟೋ ಮನೆಗಳಲ್ಲಿ ದೀಪ, ಫ್ಯಾನು ಯುಪಿಎಸ್‌ಗೆ ಕೊಟ್ಟು ನೆಟ್ ಪೆಟ್ಟಿಗೆಯನ್ನು ಬೇರೆ ಪ್ಲಗ್‌ನಲ್ಲಿ ಬಿಟ್ಟಿರುತ್ತಾರೆ. ಬೆಳಕಿರುತ್ತದೆ, ನೆಟ್ ಇರುವುದಿಲ್ಲ.

ಈಗ ನನ್ನ ಮಾತು ಕೇಳು. ಬರಬೇಡ ಅನ್ನುತ್ತಿಲ್ಲ. ನವೆಂಬರ್ ಕೊನೆಗೆ, ಹುತ್ತರಿ ಹೊತ್ತಿಗೆ ಬಾ. ಮಳೆ ಹಿಂದೆ ಸರಿದಿರುತ್ತದೆ, ಅರೇಬಿಕಾ ಹಣ್ಣಾಗಿ ಕೊಯ್ಲು ನಡೆಯುತ್ತಿರುತ್ತದೆ. ನಿನ್ನ ಆಫೀಸ್ ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತು. ಇದು ನಿನಗೆ ಅನುಕೂಲವೇ, ಆದರೆ ಹೋದ ವರ್ಷ ನೀನು ಅದನ್ನು ಕೆಡಿಸಿಕೊಂಡೆ. ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಎರಡರವರೆಗೆ ಫೋನ್ ನೋಡಿ, ಬೆಳಿಗ್ಗೆ ಹತ್ತಕ್ಕೆ ಎದ್ದೆ. ಹತ್ತು ದಿನಕ್ಕೆ ನೀನು ನೋಡಿದ್ದು ಭಾನುವಾರದ ಅಬ್ಬಿ ಜಲಪಾತ ಮಾತ್ರ, ಅದೂ ಬೆಂಗಳೂರಿನ ಕಾರುಗಳ ಸಾಲಿನಲ್ಲಿ ನಿಂತು. ಹನ್ನೊಂದಕ್ಕೆ ಮಲಗು. ಆರೂವರೆಗೆ ಹೊರಟರೆ ಹನ್ನೊಂದರವರೆಗೆ ನಾಲ್ಕೂವರೆ ಗಂಟೆ ನಿನ್ನದೇ. ಸ್ನಾನ, ಊಟ ಮುಗಿಸಿ ಒಂದಕ್ಕೆ ಕೂರು. ಅದೂ ವಾರಕ್ಕೆ ಮೂರು ದಿನ ಸಾಕು. ದಿನಾ ಹೋದರೆ ಎರಡನೇ ವಾರಕ್ಕೆ ಮೀಟಿಂಗ್‌ನಲ್ಲೇ ತೂಕಡಿಸುತ್ತೀಯ.

ಒಂದು ಬೆಳಿಗ್ಗೆಗೆ ಒಂದೇ ಜಾಗ. ರಾಜರ ಗದ್ದಿಗೆಗೆ ಹೋದ ದಿನ ಗದ್ದಿಗೆ, ಅಷ್ಟೆ. ಇನ್ನೊಂದು ದಿನ ಕಕ್ಕಬ್ಬೆಯ ನಾಲ್ಕುನಾಡು ಅರಮನೆ, ಹೋಗಿ ಬರುವುದಕ್ಕೇ ಹೊತ್ತು ಸರಿಹೋಗುತ್ತದೆ. ಅಲ್ಲಿಂದಲೇ ತಡಿಯಂಡಮೋಳ್ ಹತ್ತಿಬಿಡೋಣ ಅಂತ ಆಸೆಪಡಬೇಡ. 1748 ಮೀಟರ್ ಎತ್ತರದ ಬೆಟ್ಟ, ಕೊಡಗಿನಲ್ಲೇ ಎತ್ತರದ್ದು, ಇಡೀ ದಿನ ಬೇಡುತ್ತದೆ. ಅದಕ್ಕೆ ಒಂದು ಬುಧವಾರ ರಜೆ ಹಾಕು. ಶನಿವಾರ ಹೋದರೆ ಮತ್ತೆ ಅದೇ ಸಾಲು. ಮೂರು ವಾರಕ್ಕೆ ಒಂದು ರಜೆ ಕೇಳಲು ಸಂಕೋಚಪಡಬೇಡ. ಸಂಕೋಚಪಡುವುದನ್ನು ನನ್ನಿಂದ ಕಲಿತಿದ್ದೀಯ, ಅದಕ್ಕೂ ಕ್ಷಮಿಸು.

ತೋಟಕ್ಕೆ ಒಂದು ಬೆಳಿಗ್ಗೆ ಇಡಲೇಬೇಕು. ಇಬ್ಬನಿ ಆರುವ ಮೊದಲೇ ಹೋಗು. ಕೆಂಪು ಹಣ್ಣನ್ನು ಬೆರಳಲ್ಲಿ ಒತ್ತಿದರೆ ಎರಡು ಬೀಜ ಜಾರಿ ಅಂಗೈಗೆ ಬರುತ್ತವೆ, ಮೇಲೆ ಜೇನಿನಂತೆ ಅಂಟು. ನೆಕ್ಕಿ ನೋಡು, ಸಿಹಿ. ಇಷ್ಟು ಹೊತ್ತಿಗೆ ನಾನು ಮತ್ತೆ ಪಾಠ ಶುರುಮಾಡಿದೆ ಅಂತ ನಿನ್ನ ಹುಬ್ಬು ಗಂಟಿಕ್ಕಿರುತ್ತದೆ. ನಿನ್ನ ದುಡಿಮೆಯ ದುಡ್ಡಲ್ಲಿ, ನಿನ್ನ ಊರಿಗೇ, ನಿನ್ನ ಇಷ್ಟದಂತೆ ಬರುವಷ್ಟು ಬೆಳೆದಿದ್ದೀಯ. ನನ್ನ ಕಾಲದಲ್ಲಿ ಒಬ್ಬಳೇ ಕುಶಾಲನಗರದವರೆಗೆ ಹೋಗಬೇಕಾದರೂ ನಾನು ಮೂವರನ್ನು ಕೇಳಬೇಕಿತ್ತು. ನಿನ್ನನ್ನು ನೋಡಿ ನನಗೆ ಹೆಮ್ಮೆ, ಅದನ್ನು ಭಾನುವಾರ ಹೇಳಬೇಕಿತ್ತು.

ಹೊಸ ಜಾಗ ನೋಡಿದರೆ ಹಿಂದುಗಡೆಯ ಫೋಟೋ ಕೇಳಿ ನನಗೆ ಕಳಿಸು. ಬರೆಯಲ್ಲಿ ಬಿರುಕು, ವಾಲಿದ ಮರ, ಹೊಸದಾಗಿ ಕೆಂಪು ನೀರು ಒಸರುವ ಜಾಗ ಇದೆಯಾ ನೋಡುತ್ತೇನೆ. ಶುಕ್ರವಾರದ ಸಂತೆಗೆ ಮಾತ್ರ ನಾನೂ ಬರುತ್ತೇನೆ, ಹನ್ನೊಂದರೊಳಗೆ ನಿನ್ನನ್ನು ಬಿಟ್ಟುಬಿಡುತ್ತೇನೆ. ಕಾಫಿ ತರುವುದಿಲ್ಲ.

ಮೇನ್ ಸ್ವಿಚ್ ಆರಿಸಿದಾಗ ಏನಾಯಿತು ಅಂತ ಫೋನ್ ಮಾಡಿ ಹೇಳು.

ನಿನ್ನ ಅಮ್ಮ