ಬಿಟ್ಟ ಸ್ಥಳಕ್ಕೆ ಮುಂದಿನ ವಾಕ್ಯನೂ ಬೇಕು

ಸಂಪಾದಕರೇ, ನಿಮ್ಮ ವಿದ್ಯಾರ್ಥಿ ಪುಟದ ಬಿಟ್ಟ ಸ್ಥಳ ತುಂಬಿಸೋ ಪ್ಯಾರಾಗಳು ಚೆನ್ನಾಗಿವೆ, ಆದ್ರೆ ಆಪ್ಷನ್‌ಗಳು ತೀರಾ ಸುಲಭ, ಬರೀ ವ್ಯಾಕರಣ ನೋಡಿದ್ರೆ ಒಂದು ಬಿಟ್ಟು ಉಳಿದವೆಲ್ಲ ಹಾರಿಹೋಗ್ತವೆ.

ಪ್ರಶ್ನೆ ಹೀಗಿರ್ಬೇಕು, ನೋಡಿ: ‘ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಕೆರೆ ____. ಕಾಲುವೆಯ ಹೂಳು ತೆಗೆಯದೆ ನೀರೆಲ್ಲ ರಸ್ತೆಗೆ ಹರಿದಿತ್ತು.’ ಆಪ್ಷನ್ ತುಂಬಿದ್ದವು, ತುಂಬಿತ್ತು, ತುಂಬಿರಲಿಲ್ಲ. ಕೆರೆ ಏಕವಚನ, ಹಾಗಾಗಿ ‘ತುಂಬಿದ್ದವು’ ಔಟ್. ಮೊದಲ ವಾಕ್ಯ ಮಾತ್ರ ಓದಿದವ್ರು ‘ತುಂಬಿತ್ತು’ ಅಂತಾರೆ, ವ್ಯಾಕರಣಕ್ಕೂ ಸರಿ, ಆದ್ರೆ ಮೂರನೇ ವಾಕ್ಯ ಓದಿದ್ರೆ ‘ತುಂಬಿರಲಿಲ್ಲ’ ಅಂತಾನೇ ಬರ್ಬೇಕು.

ಪ್ರಶ್ನೆ ಮಾಡೋರು ಅಕ್ಕಪಕ್ಕದ ವಾಕ್ಯ ಕೈಯಲ್ಲಿ ಮುಚ್ಚಿ ನೋಡ್ಲಿ, ಆಗ್ಲೂ ಒಂದೇ ಉತ್ತರ ಉಳಿದ್ರೆ ಪ್ಯಾರಾ ಕೊಟ್ಟಿದ್ದೇ ದಂಡ. ಪೂರ್ತಿ ಓದಿದ್ಮೇಲೂ ಎರಡು ಹೊಂದಿದ್ರೆ ಎರಡಕ್ಕೂ ಮಾರ್ಕ್ಸ್ ಕೊಡಿ.

– ಒಬ್ಬ ಕನ್ನಡ ಮೇಷ್ಟ್ರು